ಕೋಷ್ಟಕದ ಸಾಲು ಸಾಧನೆಯಾಗುವ ಬಗೆ

ಮೈಸೂರಿನ ತರಗತಿಗಳಲ್ಲಿ ಗಣಿತೀಯ ತರ್ಕವನ್ನು ಓದುವ ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆ ನ್ಯಾಯವಾದದ್ದು: ಒಂದು ಸೂತ್ರವು ಟಾಟಾಲಜಿಯೋ, ಅಂದರೆ ಚರಾಕ್ಷರಗಳಿಗೆ ನಿಜ, ಸುಳ್ಳು ಯಾವುದನ್ನು ಕೊಟ್ಟರೂ ನಿಜವಾಗಿಯೇ ಉಳಿಯುವ ಸೂತ್ರವೋ, ಅಲ್ಲವೋ ಎಂಬುದನ್ನು ಅಂಥ ಎಲ್ಲ ಸಾಧ್ಯತೆಗಳನ್ನೂ ಒಂದೊಂದು ಸಾಲಾಗಿ ಬರೆಯುವ ಸತ್ಯತಾ ಕೋಷ್ಟಕವೇ ತಿಳಿಸುವಾಗ, ಅದನ್ನು ಸ್ವಯಂಸಿದ್ಧಗಳಿಂದ ಸಾಧಿಸುವ ಶ್ರಮವೇಕೆ? ಸಾಧುತ್ವ ಮತ್ತು ಪೂರ್ಣತ್ವ, ಅಂದರೆ ಸೌಂಡ್‌ನೆಸ್ ಮತ್ತು ಕಂಪ್ಲೀಟ್‌ನೆಸ್ ಎಂದು ನಾವು ತರಗತಿಯಲ್ಲಿ ಕರೆಯುವ ಪ್ರಮೇಯಗಳನ್ನು ಹೇಳಿಕೆಯ ರೂಪದಲ್ಲಷ್ಟೇ ಓದಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವುಗಳ ಸಾಧನೆಯ ಒಳಗೆ ಹೋದರೆ, ಕೋಷ್ಟಕದ ಪ್ರತಿಯೊಂದು ಸಾಲೂ ಒಂದೊಂದು ಸಾಧನೆಯಾಗಿ ಮಾರ್ಪಡುವುದನ್ನು ಕಣ್ಣಾರೆ ನೋಡಬಹುದು.

ಇಡೀ ಹೇಳಿಕೆಗಳನ್ನು ಸಂಯೋಜಕಗಳಿಂದ ಜೋಡಿಸುವ ತರ್ಕವೇ ಪ್ರತಿಜ್ಞಾ ತರ್ಕ. ಅದಕ್ಕೆ ನಾವು ಬಳಸುವ ಪದ್ಧತಿಯಲ್ಲಿ ಎರಡೇ ಸಂಯೋಜಕಗಳಿವೆ: ನಿಷೇಧ ¬ ಮತ್ತು 'ಹೀಗಾದರೆ ಹಾಗೆ' ಎಂಬ ಸಂಬಂಧವನ್ನು ಸೂಚಿಸುವ →. ಪೋಲೆಂಡಿನ ಯಾನ್ ವುಕಾಸಿಯೆವಿಚ್ ಅವರ ಹೆಸರಿನೊಂದಿಗೆ ಬಳಕೆಯಲ್ಲಿರುವ ಮೂರು ಸ್ವಯಂಸಿದ್ಧಗಳು ಇವು. A, B, C ಗಳ ಜಾಗದಲ್ಲಿ ಯಾವ ಸೂತ್ರವನ್ನಾದರೂ ಇಡಬಹುದು.

```
(1) A → (B → A)
(2) (A → (B → C)) → ((A → B) → (A → C))
(3) (¬B → ¬A) → (A → B)
```

ನಿಯಮ ಒಂದೇ, ಮೋಡಸ್ ಪೋನೆನ್ಸ್: A ಮತ್ತು A → B ಎರಡೂ ಕೈಯಲ್ಲಿದ್ದರೆ B ಯನ್ನು ಬರೆಯಬಹುದು. ಸಾಧುತ್ವ ಪ್ರಮೇಯದ ಪ್ರಕಾರ ಹೀಗೆ ಸಾಧಿಸಿದ ಪ್ರತಿಯೊಂದು ಸೂತ್ರವೂ ಟಾಟಾಲಜಿ. ಪೂರ್ಣತಾ ಪ್ರಮೇಯದ ಪ್ರಕಾರ ಪ್ರತಿಯೊಂದು ಟಾಟಾಲಜಿಗೂ ಇಂಥ ಒಂದು ಸಾಧನೆ ಇದ್ದೇ ಇದೆ.

ಸಾಧುತ್ವದ ವಾದ ಚಿಕ್ಕದು. ಮೂರೂ ಸ್ವಯಂಸಿದ್ಧಗಳು ಎಂದೂ ಸುಳ್ಳಾಗುವುದಿಲ್ಲವೆಂದು ಪರೀಕ್ಷಿಸಿ, ನಿಯಮವು ಸತ್ಯವನ್ನು ಕಾಪಾಡುತ್ತದೆಯೆಂದು ನೋಡಿ, ಸಾಧನೆಯ ಉದ್ದದ ಮೇಲೆ ಅನುಗಮನ ಮಾಡಿದರೆ ಮುಗಿಯಿತು. ಎರಡನೆಯ ಸ್ವಯಂಸಿದ್ಧಕ್ಕೆ ಎಂಟು ಸಾಲುಗಳನ್ನು ಬರೆಯಬೇಕಾಗಿಯೂ ಇಲ್ಲ. ಅದು ಸುಳ್ಳಾಗಬೇಕಾದರೆ A ನಿಜ, C ಸುಳ್ಳು, A → B ನಿಜ, A → (B → C) ನಿಜ ಆಗಿರಬೇಕು. ಆದರೆ ಮೊದಲ ಮೂರರಿಂದ B ನಿಜವಾಗುತ್ತದೆ, ಕೊನೆಯದರಿಂದ C ಯೂ ನಿಜವಾಗಲೇಬೇಕಾಗುತ್ತದೆ.

ಇದು ಸುಲಭವೆಂದು ವಿದ್ಯಾರ್ಥಿಗಳು ಮುಂದಕ್ಕೆ ಓಡುತ್ತಾರೆ, ತಪ್ಪು ನುಸುಳುವುದೂ ಅಲ್ಲೇ. ಹಳೆಯ ಪದ್ಧತಿಗಳಲ್ಲಿ ಚರಾಕ್ಷರದ ಜಾಗದಲ್ಲಿ ಬೇರೆ ಸೂತ್ರವನ್ನು ಇಡುವುದು ಒಂದು ನಿಯಮವೇ ಆಗಿತ್ತು. ಟಾಟಾಲಜಿಗಳ ಮೇಲೆ ಮಾತ್ರ ಅದನ್ನು ಪ್ರಯೋಗಿಸಿದರೆ ಯಾವ ಅಪಾಯವೂ ಇಲ್ಲ. ಆದರೆ p ಯನ್ನು ದತ್ತವೆಂದು ತೆಗೆದುಕೊಂಡು, ಅದೇ ನಿಯಮದಿಂದ p ಯ ಜಾಗದಲ್ಲಿ q ಇಟ್ಟರೆ, 'p ಯಿಂದ q' ಎಂಬ ಸಾಧನೆ ಹುಟ್ಟುತ್ತದೆ. p ನಿಜವಾಗಿ q ಸುಳ್ಳಾಗಿರುವ ಒಂದೇ ಒಂದು ಸಾಲು ಅದನ್ನು ಸುಳ್ಳೆಂದು ತೋರಿಸುತ್ತದೆ. ಸ್ವಯಂಸಿದ್ಧಗಳನ್ನು ನಿರ್ದಿಷ್ಟ ಸೂತ್ರಗಳೆಂದು ಬರೆಯದೆ ಮೇಲಿನಂತೆ ಮಾದರಿಗಳಾಗಿ ಬರೆಯುವ ಕ್ರಮದಲ್ಲಿ ಆ ನಿಯಮವೇ ಬೇಕಾಗುವುದಿಲ್ಲ.

ಸಾಧುತ್ವದ ಇದೇ ವಾದಕ್ಕೆ ಇನ್ನೊಂದು ಉಪಯೋಗವಿದೆ. ನನ್ನ ದೃಷ್ಟಿಯಲ್ಲಿ ಪಠ್ಯಕ್ರಮದಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಗುತ್ತಿಲ್ಲ. ಒಂದು ಸೂತ್ರವನ್ನು ಸಾಧಿಸಲು ಸಾಧ್ಯವೇ ಇಲ್ಲ ಎಂದು ತೋರಿಸುವುದು ಹೇಗೆ? ಅಮೆರಿಕದ ತರ್ಕಶಾಸ್ತ್ರಜ್ಞ ಚಾರ್ಲ್ಸ್ ಪರ್ಸ್ ಅವರ ನಿಯಮವನ್ನು ತೆಗೆದುಕೊಳ್ಳೋಣ.

```
((p → q) → p) → p
```

ಇದರಲ್ಲಿ ನಿಷೇಧ ಎಲ್ಲಿಯೂ ಇಲ್ಲ. ನಾಲ್ಕು ಸಾಲುಗಳ ಕೋಷ್ಟಕ ಬರೆದು ನೋಡಿದರೆ ಇದು ಟಾಟಾಲಜಿಯೆಂದು ತಿಳಿಯುತ್ತದೆ. ನಿಷೇಧವಿಲ್ಲದ ಸೂತ್ರಕ್ಕೆ ನಿಷೇಧವಿರುವ ಮೂರನೆಯ ಸ್ವಯಂಸಿದ್ಧ ಬೇಕಾಗದು, ಮೊದಲ ಎರಡೇ ಸಾಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವೆರಡರಿಂದ ಪರ್ಸ್ ನಿಯಮವನ್ನು ಸಾಧಿಸಲು ಯಾರಿಂದಲೂ ಆಗದು, ಅದಕ್ಕೆ ಕಾರಣವನ್ನೂ ಕೊಡಬಹುದು.

ಸತ್ಯ 1, ಸುಳ್ಳು 0 ಎಂಬ ಎರಡು ಬೆಲೆಗಳ ನಡುವೆ ½ ಎಂಬ ಮೂರನೆಯ ಬೆಲೆಯೊಂದನ್ನು ಸೇರಿಸೋಣ. a → b ಯ ಬೆಲೆಯನ್ನು, a ಯು b ಗಿಂತ ಹೆಚ್ಚಲ್ಲದಿದ್ದರೆ 1 ಎಂದೂ, ಹೆಚ್ಚಾಗಿದ್ದರೆ b ಎಂದೂ ವಿಧಿಸೋಣ. ಈ ಕೋಷ್ಟಕದಲ್ಲಿ ಮೊದಲ ಎರಡು ಸ್ವಯಂಸಿದ್ಧಗಳಿಗೆ ಯಾವಾಗಲೂ 1 ಬರುತ್ತದೆ. ಮೊದಲನೆಯದನ್ನು ನೋಡಿ: b → a ಯ ಬೆಲೆ 1 ಅಥವಾ a, ಎರಡರಲ್ಲಿ ಯಾವುದಾದರೂ a ಗಿಂತ ಕಡಿಮೆಯಲ್ಲ, ಆದ್ದರಿಂದ a → (b → a) ಯ ಬೆಲೆ 1. ಮೋಡಸ್ ಪೋನೆನ್ಸ್ ಕೂಡ 1 ರಿಂದ 1 ಕ್ಕೇ ಒಯ್ಯುತ್ತದೆ. ಹಾಗಾದರೆ ಅವೆರಡರಿಂದ ಸಾಧಿಸಿದ ಪ್ರತಿಯೊಂದು ಸೂತ್ರದ ಬೆಲೆಯೂ 1 ಆಗಲೇಬೇಕು. ಈಗ p ಗೆ ½, q ಗೆ 0 ಕೊಡಿ. p → q ಯ ಬೆಲೆ 0; 0 → ½ ರ ಬೆಲೆ 1; 1 → ½ ರ ಬೆಲೆ ½. ಪರ್ಸ್ ನಿಯಮಕ್ಕೆ 1 ಸಿಗಲಿಲ್ಲ, ಆದ್ದರಿಂದ ಅದು ಈ ಎರಡರಿಂದ ಸಾಧಿತವಾಗುವುದಿಲ್ಲ. ಸಾಧುತ್ವವಿದ್ದೂ ಪೂರ್ಣತ್ವವಿಲ್ಲದ ಪದ್ಧತಿ ಹೇಗಿರುತ್ತದೆ ಎಂಬುದಕ್ಕೆ ಇದೇ ನಿದರ್ಶನ. ಬೇರೆ ಬೆಲೆಗಳ ಕೋಷ್ಟಕಗಳಿಂದ ಸ್ವಯಂಸಿದ್ಧಗಳ ಸ್ವಾತಂತ್ರ್ಯವನ್ನು ಪರೀಕ್ಷಿಸುವ ಈ ಬಗೆಯ ವಿಧಾನವನ್ನು ಗಾಟಿಂಗನ್‌ನಲ್ಲಿ ಪೌಲ್ ಬರ್ನೈಸ್ 1918ರಷ್ಟು ಹಿಂದೆಯೇ ಒಂದು ಬರಹದಲ್ಲಿ ಬಳಸಿದ್ದರು. ರಸೆಲ್ ಮತ್ತು ವೈಟ್‌ಹೆಡ್ ಅವರ ಐದು ಸ್ವಯಂಸಿದ್ಧಗಳಲ್ಲಿ ಒಂದು ಅನಗತ್ಯವೆಂದು ಕಂಡುಕೊಂಡವರೂ ಅವರೇ. ಅದೇ ಬರಹದಲ್ಲಿ ಅವರು ಪೂರ್ಣತ್ವವನ್ನೂ ಸಾಧಿಸಿದ್ದರು, ಆದರೆ ಅದರ ಮುಖ್ಯ ಭಾಗ ಅಚ್ಚಾಗುವ ಹೊತ್ತಿಗೆ 1926 ಆಗಿತ್ತು. ಅಷ್ಟರಲ್ಲಿ ಎಮಿಲ್ ಪೋಸ್ಟ್ ಸ್ವತಂತ್ರವಾಗಿ ತಮ್ಮ ಸಾಧನೆಯನ್ನು 1921ರಲ್ಲಿ ಪ್ರಕಟಿಸಿದ್ದರು.

ಮೂರನೆಯ ಸ್ವಯಂಸಿದ್ಧ ಬಂದ ಮೇಲೆ ಏನು ಬದಲಾಗುತ್ತದೆ? ಹಂಗೇರಿಯ ಲಾಸ್ಲೊ ಕಾಲ್ಮಾರ್ 1935ರಲ್ಲಿ ಕೊಟ್ಟ ಸಾಧನೆ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಕೋಷ್ಟಕದ ಒಂದು ಸಾಲನ್ನು ಹಿಡಿಯಿರಿ. ಆ ಸಾಲಿನಲ್ಲಿ p ನಿಜವಾಗಿದ್ದರೆ p ಯನ್ನೂ, ಸುಳ್ಳಾಗಿದ್ದರೆ ¬p ಯನ್ನೂ ದತ್ತವಾಗಿ ತೆಗೆದುಕೊಳ್ಳಿ. ಉಳಿದ ಚರಾಕ್ಷರಗಳಿಗೂ ಹಾಗೆಯೇ. ಆಗ ಆ ಸಾಲಿನಲ್ಲಿ ಸೂತ್ರ A ನಿಜವಾಗಿದ್ದರೆ ಆ ದತ್ತಗಳಿಂದ A ಯನ್ನೂ, ಸುಳ್ಳಾಗಿದ್ದರೆ ¬A ಯನ್ನೂ ಸಾಧಿಸಬಹುದು ಎಂಬುದೇ ಕಾಲ್ಮಾರ್ ಅವರ ಉಪಪ್ರಮೇಯ. ಸೂತ್ರದ ರಚನೆಯ ಮೇಲೆ ಅನುಗಮನ ಮಾಡಿದರೆ ಕೆಲಸವೆಲ್ಲ → ಇರುವಲ್ಲಿಯೇ ಇದೆ. B → C ನಿಜವಾಗುವುದು B ಸುಳ್ಳಾದಾಗ ಅಥವಾ C ನಿಜವಾದಾಗ; ಸುಳ್ಳಾಗುವುದು B ನಿಜವಾಗಿ C ಸುಳ್ಳಾದಾಗ. ಆದ್ದರಿಂದ ¬B ಯಿಂದ B → C, C ಯಿಂದ B → C, B ಮತ್ತು ¬C ಗಳಿಂದ ¬(B → C), ಈ ಮೂರು ಚಿಕ್ಕ ಸಾಧನೆಗಳು ಬೇಕು. ¬ ಇರುವ ಕಡೆ B ಯಿಂದ ¬¬B ಬಂದರೆ ಸಾಕು.

ಮೊದಲನೆಯದನ್ನು ಹತ್ತಿರದಿಂದ ನೋಡೋಣ. p ಎಂದರೆ 'ಕನ್ನಂಬಾಡಿಯಿಂದ ವಿ.ಸಿ. ನಾಲೆಗೆ ನೀರು ಬಿಟ್ಟಿದ್ದಾರೆ', q ಎಂದರೆ 'ಈ ಗದ್ದೆಯಲ್ಲಿ ಭತ್ತದ ನಾಟಿ ಆಗಿದೆ' ಎಂದಿರಲಿ. ನೀರು ಬಿಟ್ಟೇ ಇಲ್ಲ ಎಂಬ ಸಾಲಿನಲ್ಲಿ 'ನೀರು ಬಿಟ್ಟಿದ್ದರೆ ನಾಟಿ ಆಗಿದೆ' ಎಂಬುದು ನಿಜವೆಂದು ಕೋಷ್ಟಕ ಹೇಳುತ್ತದೆ. ಮಂಡ್ಯದ ಯಾವ ರೈತನೂ ಇದನ್ನು ಸುಲಭವಾಗಿ ಒಪ್ಪುವುದಿಲ್ಲ, ಏಕೆಂದರೆ ದಿನಬಳಕೆಯ ಮಾತಿನಲ್ಲಿ ನಾವು ಕಾರಣವನ್ನು ನಿರೀಕ್ಷಿಸುತ್ತೇವೆ. ಪ್ರತಿಜ್ಞಾ ತರ್ಕದ → ಕಾರಣವನ್ನು ಕುರಿತು ಏನನ್ನೂ ಹೇಳುವುದಿಲ್ಲ. ನೀರು ಬಿಟ್ಟೂ ನಾಟಿಯಾಗದ ಸ್ಥಿತಿಯನ್ನು ಮಾತ್ರ ಅದು ಅಲ್ಲಗಳೆಯುತ್ತದೆ. ಸಾಧನೆ ಹೀಗೆ ನಡೆಯುತ್ತದೆ.

```
1. ¬p                          ದತ್ತ
2. ¬p → (¬q → ¬p)              ಸ್ವಯಂಸಿದ್ಧ (1)
3. ¬q → ¬p                     1, 2 ರಿಂದ
4. (¬q → ¬p) → (p → q)         ಸ್ವಯಂಸಿದ್ಧ (3)
5. p → q                       3, 4 ರಿಂದ
```

ನಾಲ್ಕನೆಯ ಸಾಲನ್ನು ಗಮನಿಸಬೇಕು. ಮೂರನೆಯ ಸ್ವಯಂಸಿದ್ಧ ಇಲ್ಲದಿದ್ದರೆ ¬p ಎಂಬ ದತ್ತ ಕೈಯಲ್ಲಿದ್ದೂ ಯಾವ ಕೆಲಸಕ್ಕೂ ಬಾರದು, ಏಕೆಂದರೆ ನಿಷೇಧವೆಂದರೆ ಏನೆಂದು ಪದ್ಧತಿಗೆ ತಿಳಿಸುವ ಮಾತು ಬೇರೆಲ್ಲೂ ಇಲ್ಲ.

ಈಗ ಪರ್ಸ್ ನಿಯಮಕ್ಕೆ ಮರಳೋಣ. (p → q) → p ಎಂಬ ಭಾಗವನ್ನು X ಎನ್ನೋಣ. ಸಾಧಿಸಬೇಕಾದದ್ದು X → p. p ನಿಜವಾದ ಎರಡು ಸಾಲುಗಳಲ್ಲಿ p ದತ್ತ, p → (X → p) ಮೊದಲ ಸ್ವಯಂಸಿದ್ಧ, ಆದ್ದರಿಂದ X → p ತಕ್ಷಣವೇ ಬರುತ್ತದೆ. p ಸುಳ್ಳಾದ ಎರಡು ಸಾಲುಗಳಲ್ಲಿ ¬p ದತ್ತ. ಮೇಲಿನ ಐದು ಹೆಜ್ಜೆಗಳಿಂದ p → q ಬಂತು. p → q ಮತ್ತು ¬p ಎರಡೂ ಇರುವುದರಿಂದ ¬X ಬಂತು. ¬X ನಿಂದ, ಮತ್ತೆ ಅದೇ ಐದು ಹೆಜ್ಜೆಗಳ ಮಾದರಿಯಲ್ಲಿ, X → p ಬಂತು. q ಯ ಬೆಲೆ ಎಲ್ಲಿಯೂ ಬೇಕಾಗಲಿಲ್ಲ.

p ಯಿಂದಲೂ ¬p ಯಿಂದಲೂ ಒಂದೇ ಸೂತ್ರ ಸಿಕ್ಕಿತು. ಈ ದತ್ತಗಳನ್ನು ಕಳಚಿಹಾಕುವುದು ಕೊನೆಯ ಹೆಜ್ಜೆ. p ಯನ್ನು ದತ್ತವಾಗಿಟ್ಟು A ಯನ್ನು ಸಾಧಿಸಿದ್ದರೆ, ದತ್ತವಿಲ್ಲದೆಯೇ p → A ಯನ್ನು ಸಾಧಿಸಬಹುದು ಎಂಬುದು ನಿಗಮನ ಪ್ರಮೇಯ. ಅದರ ಸಾಧನೆಯನ್ನು ಬರೆದು ನೋಡಿದವರಿಗೆ ಮೊದಲ ಎರಡು ಸ್ವಯಂಸಿದ್ಧಗಳು ಆ ವಿಚಿತ್ರ ರೂಪದಲ್ಲಿ ಏಕಿವೆ ಎಂದು ಅರ್ಥವಾಗುತ್ತದೆ, ಆ ಪ್ರಮೇಯಕ್ಕೆ ಬೇಕಾದದ್ದು ಸರಿಯಾಗಿ ಅವೆರಡೇ. ಆಮೇಲೆ p → A ಮತ್ತು ¬p → A ಗಳಿಂದ A ಯನ್ನು ಪಡೆಯಲು (p → A) → ((¬p → A) → A) ಎಂಬ ಸೂತ್ರ ಬೇಕು; ಅದರ ಸಾಧನೆಯಲ್ಲಿ ಮೂರನೆಯ ಸ್ವಯಂಸಿದ್ಧ ಮತ್ತೆ ಬರುತ್ತದೆ. ಹಿಂದಿನ ಮೂರು ಬೆಲೆಗಳ ಕೋಷ್ಟಕ ಪರ್ಸ್ ನಿಯಮಕ್ಕೆ ½ ಕೊಟ್ಟದ್ದು ಇಲ್ಲಿಯೇ ವಿವರಣೆ ಪಡೆಯುತ್ತದೆ: ಅಲ್ಲಿ p ನಿಜವೂ ಅಲ್ಲದೆ ಸುಳ್ಳೂ ಅಲ್ಲದೆ ಇರಬಹುದಿತ್ತು, ಇಲ್ಲಿ ಆ ಅವಕಾಶ ಮುಚ್ಚಿಹೋಗಿದೆ. n ಚರಾಕ್ಷರಗಳಿದ್ದರೆ ಒಂದೊಂದನ್ನೇ ಹೀಗೆ ಕಳಚುತ್ತಾ ಹೋಗಬೇಕು. ಪ್ರತಿ ಸಲವೂ ದತ್ತಗಳ ಪಟ್ಟಿಗಳು ಅರ್ಧಕ್ಕಿಳಿದು, ಕೊನೆಗೆ ಯಾವ ದತ್ತವೂ ಇಲ್ಲದ ಸಾಧನೆ ಉಳಿಯುತ್ತದೆ.

ಗಡಿಬಿಡಿಯ ಒಂದು ನಂಬಿಕೆಯನ್ನು ಇಲ್ಲಿ ತಿದ್ದಲೇಬೇಕು. 'ತರ್ಕ ಅಪೂರ್ಣವೆಂದು ಗ್ಯೋಡೆಲ್ ತೋರಿಸಿದ್ದಾರೆ, ಆದ್ದರಿಂದ ತರ್ಕಕ್ಕೆ ಮೀರಿದ್ದನ್ನು ಒಪ್ಪಿಕೊಳ್ಳಬೇಕು' ಎಂದು ವಿದ್ಯಾವಂತರೇ ಹೇಳುವುದನ್ನು ಕೇಳುತ್ತೇವೆ. ತರ್ಕಶಾಸ್ತ್ರಜ್ಞ ಕುರ್ಟ್ ಗ್ಯೋಡೆಲ್ ಅವರ 1931ರ ಪ್ರಮೇಯ ನೈಸರ್ಗಿಕ ಸಂಖ್ಯೆಗಳ ಸಂಕಲನ ಮತ್ತು ಗುಣಾಕಾರವನ್ನು ಒಳಗೊಳ್ಳುವ ಸ್ವಯಂಸಿದ್ಧ ಪದ್ಧತಿಗಳಿಗೆ ಸಂಬಂಧಿಸಿದ್ದು. ಪ್ರತಿಜ್ಞಾ ತರ್ಕದ ಪೂರ್ಣತ್ವಕ್ಕೆ ಅದರಿಂದ ಯಾವ ಧಕ್ಕೆಯೂ ಇಲ್ಲ. 'ಎಲ್ಲ', 'ಕೆಲವು' ಎಂಬ ಮಾತುಗಳನ್ನೂ ಒಳಗೊಳ್ಳುವ ಪ್ರಥಮ ಶ್ರೇಣಿಯ ತರ್ಕದ ಪೂರ್ಣತ್ವವನ್ನಂತೂ ಅದಕ್ಕೂ ಮೊದಲೇ ಸ್ವತಃ ಗ್ಯೋಡೆಲ್ ಸಾಧಿಸಿದ್ದರು.

ಕಾಲ್ಮಾರ್ ವಿಧಾನಕ್ಕೆ ನಿಜವಾದ ಮಿತಿಗಳು ಬೇರೆ ಇವೆ. ದತ್ತಗಳು ಅನಂತವಾಗಿದ್ದರೆ ಅದೊಂದೇ ಸಾಲದು. ಅನಂತ ದತ್ತಗಳಿಂದ ಫಲಿಸುವುದು ಅವುಗಳಲ್ಲಿ ಕೆಲವೇ ಕೆಲವಾದ ಸಾಂತ ದತ್ತಗಳಿಂದಲೂ ಫಲಿಸುತ್ತದೆ ಎಂಬ ಕಂಪ್ಯಾಕ್ಟ್‌ನೆಸ್ ಪ್ರಮೇಯವನ್ನು ಪ್ರತ್ಯೇಕವಾಗಿ ಸಾಧಿಸಿ ಜೊತೆಗೆ ಸೇರಿಸಬೇಕು. ಇನ್ನೊಂದು ಮಿತಿ ಉದ್ದದ್ದು. 20 ಚರಾಕ್ಷರಗಳಿದ್ದರೆ 10,48,576 ಸಾಲುಗಳು, ಅಷ್ಟೇ ಸಾಧನೆಗಳು. ಹಾಗೆಂದು ಎಲ್ಲ ಟಾಟಾಲಜಿಗಳಿಗೂ ಅಷ್ಟು ಉದ್ದದ ಸಾಧನೆಯೇ ಬೇಕೆಂದಲ್ಲ. 11 ಪಾರಿವಾಳಗಳನ್ನು 10 ಗೂಡುಗಳಲ್ಲಿ, ಒಂದರಲ್ಲಿ ಎರಡು ಸೇರದಂತೆ ಇಡಲಾಗದು ಎಂಬುದನ್ನು ಸೂತ್ರವಾಗಿ ಬರೆದರೆ 110 ಚರಾಕ್ಷರಗಳು ಬರುತ್ತವೆ, ಅದರ ಕೋಷ್ಟಕವನ್ನು ಯಾವ ಯಂತ್ರವೂ ಬರೆದು ಮುಗಿಸದು. ಆದರೆ ನಮ್ಮಂಥ ಪದ್ಧತಿಗಳಲ್ಲಿ ಈ ಸೂತ್ರಗಳಿಗೆ ಬಹುಪದೀಯ ಉದ್ದದ, ಅಂದರೆ ಸೂತ್ರದ ಉದ್ದದ ಒಂದು ನಿಶ್ಚಿತ ಘಾತಕ್ಕಿಂತ ವೇಗವಾಗಿ ಬೆಳೆಯದ, ಸಾಧನೆಗಳಿವೆ ಎಂದು ಸ್ಯಾಮ್ಯುಯೆಲ್ ಬಸ್ 1987ರಲ್ಲಿ ತೋರಿಸಿದರು. ಕೋಷ್ಟಕವಿರುವಾಗ ಸಾಧನೆಯೇಕೆ ಎಂದು ಕೇಳಿದ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರ ಇದು. ಪ್ರತಿಯೊಂದು ಟಾಟಾಲಜಿಗೂ ಹೀಗೆ ಬಹುಪದೀಯ ಉದ್ದದ ಸಾಧನೆಗಳನ್ನು ಕೊಡುವ ಪದ್ಧತಿಯೊಂದು ಇದೆಯೇ ಎಂಬುದು, 1979ರಲ್ಲಿ ಸ್ಟೀಫನ್ ಕುಕ್ ಮತ್ತು ರಾಬರ್ಟ್ ರೆಕ್‌ಹೌ ಪ್ರಕಟಿಸಿದ ಪ್ರಮೇಯದಂತೆ, 'ಹೌದು' ಎಂಬ ಉತ್ತರವನ್ನು ಬೇಗ ಪರಿಶೀಲಿಸಬಹುದಾದ ಸಮಸ್ಯೆಗಳ NP ವರ್ಗವೂ 'ಇಲ್ಲ' ಎಂಬ ಉತ್ತರವನ್ನು ಹಾಗೆ ಪರಿಶೀಲಿಸಬಹುದಾದ ಸಮಸ್ಯೆಗಳ coNP ವರ್ಗವೂ ಒಂದೇ ಆಗಿವೆಯೇ ಎಂಬ ಪ್ರಶ್ನೆಗೆ ಸಮಾನವಾಗಿದ್ದು, ಇನ್ನೂ ಬಗೆಹರಿದಿಲ್ಲ. ಮೇಲೆ ಬರೆದ ಮೂರು ಸ್ವಯಂಸಿದ್ಧಗಳ ಪದ್ಧತಿಯೊಂದರ ಮಟ್ಟಿಗೂ, ಬಹುಪದೀಯ ಉದ್ದಕ್ಕೆ ಮೀರಿದ ಸಾಧನೆ ಬೇಕೇ ಬೇಕು ಎಂದು ಸಾಧಿತವಾಗಿರುವ ಟಾಟಾಲಜಿಗಳ ಸರಣಿ ಯಾರ ಕೈಗೂ ಸಿಕ್ಕಿಲ್ಲ.