ಹುಣ್ಣಿನ ಫೋಟೋ: ಎಐ ಒಮ್ಮೆ ಉತ್ತರಿಸಿ, ಇನ್ನೊಮ್ಮೆ ಒಲ್ಲೆ ಎನ್ನುವುದೇಕೆ?

ಪ್ರಶ್ನೆ: ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಅವರ ಅಂಗಾಲಿನ ಹುಣ್ಣಿನ ಫೋಟೋವನ್ನು ಎಐ ಆ್ಯಪ್‌ಗೆ ಹಾಕಿ ಕೇಳಿದೆ. ಮೊದಲ ದಿನ ವಿವರವಾಗಿ ಹೇಳಿತು. ಮರುದಿನ ಅದೇ ಹುಣ್ಣಿನ ಇನ್ನೊಂದು ಫೋಟೋ ಹಾಕಿದರೆ, ಈ ಚಿತ್ರದ ಬಗ್ಗೆ ಸಹಾಯ ಮಾಡಲಾಗದು ಎಂದು ಒಂದೇ ಸಾಲು ಬಂತು. ನಾನೇನು ತಪ್ಪು ಮಾಡಿದೆ?

ಉತ್ತರ: ನಿಮ್ಮದೇನೂ ತಪ್ಪಿಲ್ಲ. ಎರಡನೇ ಫೋಟೋ ಬಹುಶಃ ಉತ್ತರ ಬರೆಯುವ ಎಐ ಮಾಡೆಲ್‌ವರೆಗೆ ಹೋಗಲೇ ಇಲ್ಲ.

ಇಂಥ ಅನೇಕ ಆ್ಯಪ್‌ಗಳಲ್ಲಿ ಮಾಡೆಲ್‌ಗೆ ಮೊದಲು ಒಂದು ಫಿಲ್ಟರ್ ಕೂತಿರುತ್ತದೆ. ಗೂಗಲ್ ಕ್ಲೌಡ್ ವಿಷನ್‌ನ ಸೇಫ್‌ಸರ್ಚ್ ಅನ್ನೇ ನೋಡಿ. ಅದು ಚಿತ್ರವನ್ನು `adult`, `spoof`, `medical`, `violence`, `racy` ಎಂಬ 5 ವರ್ಗಗಳಲ್ಲಿ ತೂಗಿ, ಪ್ರತಿಯೊಂದಕ್ಕೂ `VERY_UNLIKELY`ಯಿಂದ `VERY_LIKELY`ವರೆಗಿನ ಒಂದು ಅಂದಾಜು ಕೊಡುತ್ತದೆ. ಯಾವ ಅಂದಾಜಿಗೆ ಚಿತ್ರವನ್ನು ತಡೆಯಬೇಕು ಎಂಬುದನ್ನು ಆ್ಯಪ್ ಕಟ್ಟಿದವರು ತೀರ್ಮಾನಿಸುತ್ತಾರೆ. ಚಿಕಿತ್ಸೆಗೆ ಸಂಬಂಧಿಸಿದ್ದು ಬೇರೆ, ಹಿಂಸೆ ಬೇರೆ ಎಂದು ವರ್ಗ ಮಾಡಿಟ್ಟಿರುವುದು ಸುಮ್ಮನೆ ಅಲ್ಲ. ಆದರೂ ಎರಡರಲ್ಲಿ ಯಾವುದಕ್ಕೆ ನಡುವಿನ ಅಂದಾಜಾದ `POSSIBLE` ಬಂದರೂ ಸಾಕು, ತಡೆದುಬಿಡು ಎಂದು ಬರೆದಿಟ್ಟರೆ ನಿಮ್ಮ ತಂದೆಯವರ ಕಾಲೂ ಸಿಕ್ಕಿಬೀಳುತ್ತದೆ. ಆಯುಧಪೂಜೆಯ ದಿನ ರಸ್ತೆಯಲ್ಲಿ ಒಡೆದ, ಕುಂಕುಮ ತುಂಬಿದ ಬೂದುಗುಂಬಳಕಾಯಿಯೂ ಸಿಕ್ಕಿಬಿದ್ದರೆ ಆಶ್ಚರ್ಯವಿಲ್ಲ.

ಇಂಥ ಫಿಲ್ಟರ್‌ಗೆ ಕಾಣುವುದು ಚಿತ್ರ ಮಾತ್ರ. ಜೊತೆಗೆ ನೀವು ಬರೆದ ಪ್ರಶ್ನೆಯನ್ನು ಅದು ಓದುವುದಿಲ್ಲ. ಮೊದಲ ದಿನ ಪೂರ್ತಿ ಪಾದ, ಚಾಪೆ, ಬ್ಯಾಂಡೇಜ್ ಎಲ್ಲ ಫೋಟೋದಲ್ಲಿ ಬಂದಿದ್ದು, ಮರುದಿನ ಹುಣ್ಣನ್ನಷ್ಟೇ ಹತ್ತಿರದಿಂದ ತೆಗೆದಿದ್ದರೆ ಚೌಕಟ್ಟಿನ ತುಂಬ ಕೆಂಪೇ ಉಳಿದಿರುತ್ತದೆ. ಅಂದಾಜು ಒಂದು ಮೆಟ್ಟಿಲು ಏರಲು ಅಷ್ಟು ಸಾಕು. ತಡೆದದ್ದು ಯಾರೆಂದು ಉತ್ತರದ ಧಾಟಿಯೇ ಹೇಳಿಬಿಡುತ್ತದೆ. ಹೇಗೆ ಕೇಳಿದರೂ ಅಕ್ಷರ ಬದಲಾಗದ ಅದೇ ಒಂದು ಸಾಲು ಬಂದರೆ ಬಹುಪಾಲು ಫಿಲ್ಟರ್‌ನ ಕೆಲಸ. ನಿಮ್ಮ ಪ್ರಶ್ನೆಯ ಮಾತನ್ನೇ ಹಿಡಿದು, ನಿಮ್ಮ ಭಾಷೆಯಲ್ಲೇ ಒಲ್ಲೆ ಎಂದರೆ ಅದು ಮಾಡೆಲ್‌ನದು.

ಫಿಲ್ಟರ್ ದಾಟಿ ಮಾಡೆಲ್‌ಗೆ ತಲುಪಿದ ಮೇಲೆ ಲೆಕ್ಕವೇ ಬೇರೆ. ಅಲ್ಲಿ ಚಿತ್ರವೂ ಪ್ರಶ್ನೆಯೂ ಒಟ್ಟಿಗೆ ಇರುತ್ತವೆ. ಸಭ್ಯವಾಗಿ ತಿದ್ದಿದ ಮಾಡೆಲ್ ಅಬ್ಬಾ, ಅಯ್ಯೋ ಎನ್ನುವುದಿಲ್ಲ. ರಕ್ತ-ಕೀವನ್ನು ಬಣ್ಣಿಸುತ್ತ ಕೂರುವುದೂ ಇಲ್ಲ. ಅಂಗಾಲಿನಲ್ಲಿ ತೆರೆದ ಹುಣ್ಣಿದೆ, ಅಂಚು ಕಪ್ಪಾಗಿರುವಂತೆ ಕಾಣುತ್ತದೆ ಎಂದು ಬೇಕಾದಷ್ಟನ್ನೇ ಹೇಳುತ್ತದೆ. ಹುಣ್ಣು ಎಷ್ಟು ಆಳವಿದೆ, ಸೋಂಕು ಮೂಳೆಗೆ ಇಳಿದಿದೆಯೇ ಎಂಬುದು ಫೋಟೋದಿಂದ ತಿಳಿಯದು ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಉಪಯೋಗಕ್ಕೆ ಬರುವ ಮಾತಿಗೆ ಬರುತ್ತದೆ: ಕಪ್ಪಾದ ಚರ್ಮ, ಕೆಟ್ಟ ವಾಸನೆ, ಹರಡುತ್ತಿರುವ ಊತ, ಜ್ವರ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ, ಸಕ್ಕರೆ ಕಾಯಿಲೆಯಲ್ಲಿ ನರಗಳ ಸ್ಪರ್ಶಜ್ಞಾನ ಕುಂದಿರಬಹುದಾದ್ದರಿಂದ ನೋವಿಲ್ಲವೆಂದು ಸುಮ್ಮನಿರಬೇಡಿ.

ಕೆಟ್ಟ ಉತ್ತರಗಳಲ್ಲಿ ಎರಡು ಬಗೆ. ಒಂದು, ಇಂಥ ಚಿತ್ರ ಹಾಕಬಾರದು ಎಂದು ಗದರುವುದು. ಕೇಳಿದವರು ಮಗನೋ ಮಗಳೋ ಎಂಬುದೇ ಅದಕ್ಕೆ ಮರೆತಿರುತ್ತದೆ. ಇನ್ನೊಂದು ಹೆಚ್ಚು ಅಪಾಯದ್ದು: ಸಭ್ಯತೆಯ ಹೆಸರಿನಲ್ಲಿ ಕಪ್ಪು ಅಂಚನ್ನು ಹೇಳದೆ ಬಿಟ್ಟು, ಗಾಬರಿ ಬೇಡ ಎಂದು ಸಮಾಧಾನ ಮಾಡುವುದು.

ನಿಜಕ್ಕೂ ಒಲ್ಲೆ ಎನ್ನಬೇಕಾದ ಚಿತ್ರಗಳೂ ಇವೆ. ವಾಟ್ಸಾಪ್‌ನಲ್ಲಿ ಹರಿದುಬಂದ ಅಪಘಾತದ ಶವದ ಚಿತ್ರ ಹಾಕಿ, ಇವರು ಯಾರೆಂದು ಹೇಳು ಎಂದರೆ ಮಾಡೆಲ್ ಗುರುತಿಸುವ ಕೆಲಸಕ್ಕೆ ಇಳಿಯಬಾರದು. ಅದನ್ನು ನೇರವಾಗಿ ಹೇಳಿ, ಚಿತ್ರ ನಿಜವೋ ಹಳೆಯದೋ ಎಂದು ಪರಿಶೀಲಿಸುವ ದಾರಿ ತೋರಿಸಬಹುದು. ತಾನೇ ಕುಯ್ದುಕೊಂಡ ಕೈಯ ಚಿತ್ರ ಬಂದರೆ ಗಾಯದ ವರ್ಣನೆ ಬದಿಗಿಡಬೇಕು. ಈಗ ಅಪಾಯದಲ್ಲಿದ್ದೀರಾ ಎಂದು ಮೊದಲು ಕೇಳಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಬೇಕು. ಮಕ್ಕಳ ಲೈಂಗಿಕ ಚಿತ್ರಗಳಲ್ಲಂತೂ ಯಾವ ವಿವರಣೆಗೂ ಜಾಗವಿಲ್ಲ. ನಮ್ಮಲ್ಲಿ ಅವುಗಳನ್ನು ಹಂಚುವುದೇ ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ.

ಮತ್ತೆ ನಿಮ್ಮ ಫೋಟೋಗೆ ಬರೋಣ. ಹಳದಿ ಬಲ್ಬಿನ ಕೆಳಗೆ ತೆಗೆಯಬೇಡಿ, ಬಣ್ಣ ಮೋಸ ಮಾಡುತ್ತದೆ. ಹಗಲು ಬೆಳಕಿನಲ್ಲಿ, ಇಡೀ ಪಾದ ಕಾಣುವಂತೆ, ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತೆಗೆಯಿರಿ. ಹುಣ್ಣಿಗೆ ಸ್ಕೇಲ್ ತಾಗದಿರಲಿ. ಹಿನ್ನೆಲೆಯಲ್ಲಿ ಆಸ್ಪತ್ರೆಯ ಚೀಟಿಯಿದ್ದರೆ ಹೆಸರು ಕಾಣದಂತೆ ಮಡಚಿ. ಆಗಲೂ ತಡೆದರೆ ಫೋಟೋ ಬಿಟ್ಟು ಮಾತಿನಲ್ಲೇ ಬರೆಯಿರಿ: ಎಷ್ಟು ದಿನವಾಯಿತು, ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ವಾಸನೆಯಿದೆಯೇ, ಜ್ವರವಿದೆಯೇ. ಹೀಗೆ ಬರೆದದ್ದನ್ನೇ ವೈದ್ಯರ ಬಳಿಗೂ ಒಯ್ಯಬಹುದು.