ಪೆನ್ಸಿಲ್ ಗೆರೆ ಉಳೀಬೇಕು, ಪೇಪರ್ ಹೋಗ್ಬೇಕು

ಸೋಮವಾರಪೇಟೆ ಕಡೆ ನಮ್ಮ ಪರಿಚಯದವರೊಬ್ರು ಜೇನು ಮಾರ್ತಾರೆ, ಅವರ ಮಗಳು ಪೆನ್ಸಿಲ್‌ನಲ್ಲಿ ಬರೆದ ಆನೆ ಚಿತ್ರಾನ ಬಾಟಲಿ ಲೇಬಲ್ ಮೇಲೆ ಹಾಕ್ಬೇಕು ಅಂತ ಆಸೆ. ಲೇಬಲ್ ಕಂದು ಬಣ್ಣದ್ದು, ಅದರ ಮೇಲೆ ಫೋಟೋ ಹಾಗೇ ಅಂಟಿಸಿದ್ರೆ ಬೂದು ಬಣ್ಣದ ಒಂದು ಚೌಕ ಬಂದು ಕೂತ್ಕೊಳ್ಳತ್ತೆ. ಬಿಳಿ ಭಾಗ ಸೆಲೆಕ್ಟ್ ಮಾಡಿ ಡಿಲೀಟ್ ಹೊಡೆದ್ರೆ ಆಯ್ತಲ್ಲ ಅಂತ ಎಲ್ಲರೂ ಅದನ್ನೇ ಮಾಡ್ತಾರೆ, ಆಮೇಲೆ ಗೆರೆ ಸುತ್ತ ಬಿಳಿ ಅಂಚು ಉಳಿದು, ತೆಳು ಗೆರೆಗಳೆಲ್ಲ ಕಿತ್ತು ಹೋಗಿ, ಆನೆ ಇಲಿ ಕಡಿದ ಹಾಗೆ ಕಾಣತ್ತೆ.

ಯಾಕೆ ಹೀಗೆ ಅಂದ್ರೆ, ಪೆನ್ಸಿಲ್ ಗೆರೆ ಅನ್ನೋದು ಪೂರ್ತಿ ಕಪ್ಪು ಅಲ್ವೇ ಅಲ್ಲ. ಪೇಪರ್ ಮೇಲ್ಮೈ ಉಬ್ಬು ತಗ್ಗು ಇರತ್ತೆ, ಗ್ರಾಫೈಟ್ ಉಬ್ಬಿದ ಜಾಗಕ್ಕೆ ಮಾತ್ರ ಮೆತ್ಕೊಂಡು ತಗ್ಗಲ್ಲಿ ಪೇಪರ್ ಬಿಳೀನೇ ಉಳಿಯತ್ತೆ. ಕ್ಯಾಮೆರಾದ ಒಂದು ಪಿಕ್ಸೆಲ್ ಒಳಗೆ ಎರಡೂ ಬೆರೆತೇ ಬಂದಿರತ್ತೆ. ಹಾಗಾಗಿ ಈ ಪಿಕ್ಸೆಲ್ ಗೆರೆನಾ ಪೇಪರಾ ಅಂತ ಕೇಳೋದೇ ತಪ್ಪು, ಇದರಲ್ಲಿ ಪೆನ್ಸಿಲ್ ಎಷ್ಟು ಪಾಲು ಇದೆ ಅಂತ ಕೇಳ್ಬೇಕು. ಆ ಪಾಲನ್ನೇ ಆಲ್ಫಾ ಅಂತಾರೆ, 0 ಅಂದ್ರೆ ಪೂರ್ತಿ ಪಾರದರ್ಶಕ, 1 ಅಂದ್ರೆ ಪೂರ್ತಿ ಗೆರೆ, ನಡುವೆ ಎಲ್ಲಾ ಮಟ್ಟಾನೂ ಇರತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಬೆಳಕು. ಮಳೆಗಾಲದಲ್ಲಿ ಕೊಡಗಿನ ಮನೆ ಒಳಗೆ ಬೆಳಕು ಬರೋದು ಒಂದು ಕಿಟಕಿಯಿಂದ, ಅದೂ ಮಂಕು. ಆನೆ ಫೋಟೋದಲ್ಲಿ ಕಿಟಕಿ ಕಡೆ ಪೇಪರ್ 210 ಇದೆ ಅಂದ್ಕೊಳ್ಳಿ (0 ಕಪ್ಪು, 255 ಬಿಳಿ), ಗೋಡೆ ಕಡೆ ಅದೇ ಪೇಪರ್ 130. ಕಿಟಕಿ ಕಡೆ ಇರೋ ಸೊಂಡಿಲಿನ ತೆಳು ಗೆರೆ 160. ಅಂದ್ರೆ ಗೋಡೆ ಕಡೆಯ ಖಾಲಿ ಪೇಪರ್ರೇ ಈ ಗೆರೆಗಿಂತ ಕಪ್ಪು! ಇಷ್ಟಕ್ಕಿಂತ ಬೆಳ್ಳಗಿರೋದನ್ನ ಅಳಿಸು ಅಂತ ಯಾವ ನಂಬರ್ ಕೊಟ್ರೂ ಒಂದೋ ಸೊಂಡಿಲು ಹೋಗತ್ತೆ, ಇಲ್ಲಾ ಬಾಲದ ಹತ್ರ ಕೊಳಕು ಉಳಿಯತ್ತೆ.

ದಾರಿ ಏನಪ್ಪಾ ಅಂದ್ರೆ ಕಳೆಯೋದಲ್ಲ, ಭಾಗಿಸೋದು. ಗೆರೆಯ ಬೆಲೆಯನ್ನ ಅದೇ ಜಾಗದ ಪೇಪರ್ ಬೆಲೆಯಿಂದ ಭಾಗಿಸಿ. ಕಿಟಕಿ ಕಡೆಯ ದಪ್ಪ ಗೆರೆ 120, 210ರಿಂದ ಭಾಗಿಸಿದ್ರೆ 0.57. ಗೋಡೆ ಕಡೆ ಅಷ್ಟೇ ಒತ್ತಿ ಎಳೆದ ಗೆರೆ 74, 130ರಿಂದ ಭಾಗಿಸಿದ್ರೂ 0.57. ಬೆಳಕು ಕಮ್ಮಿ ಆದಾಗ ಗೆರೆನೂ ಪೇಪರೂ ಒಂದೇ ಅನುಪಾತದಲ್ಲಿ ಮಂಕಾಗ್ತವೆ, ಭಾಗಿಸಿದಾಗ ಬೆಳಕಿನ ಲೆಕ್ಕ ಹೊಡೆದು ಹೋಗಿ ಪೆನ್ಸಿಲ್ ಮಾತ್ರ ಉಳಿಯತ್ತೆ.

ಆದ್ರೆ ಗೆರೆ ಇರೋ ಜಾಗದಲ್ಲಿ ಪೇಪರ್ ಬೆಲೆ ಎಲ್ಲಿಂದ ತರೋದು? ಫೋಟೋನೇ ಜೋರಾಗಿ ಬ್ಲರ್ ಮಾಡಿ ಅದನ್ನೇ ಪೇಪರ್ ಅಂತ ಇಟ್ಕೊಳ್ಳೋದು ತುಂಬಾ ಜನ ಮಾಡೋ ಉಪಾಯ, ತೆಳು ಗೆರೆ ಮಾತ್ರ ಇದ್ರೆ ನಡೆಯತ್ತೆ ಕೂಡ. ಆದ್ರೆ ಮಗು ಆನೆ ಹೊಟ್ಟೆ ಪೂರ್ತಿ ಉಜ್ಜಿ ತುಂಬಿದ್ರೆ ಬ್ಲರ್ ಆ ಹೊಟ್ಟೇನ ನೆರಳು ಅಂದ್ಕೊಂಡು ಅಳಿಸಿ ಹಾಕತ್ತೆ, ಅಂಚು ಕಪ್ಪಗೆ, ಒಳಗೆ ಟೊಳ್ಳು. ನನಗೆ ಹಿಡಿಸಿದ್ದು ಇನ್ನೊಂದು: ಚಿತ್ರದ ಫೋಟೋ ತೆಗೆದ ಮೇಲೆ ಅದೇ ಜಾಗದಲ್ಲಿ, ಫೋನ್ ಅಲುಗಾಡಿಸದೆ, ಎಕ್ಸ್‌ಪೋಶರ್ ಲಾಕ್ ಮಾಡ್ಕೊಂಡು ಅದೇ ಥರದ ಖಾಲಿ ಹಾಳೆ ಇಟ್ಟು ಇನ್ನೊಂದು ಫೋಟೋ ತೆಗೀರಿ. ದೂರದರ್ಶಕದ ಚಿತ್ರ ಸರಿ ಮಾಡೋಕೆ ಖಗೋಳದವರು ಮಾಡೋದೂ ಇದನ್ನೇ, ಫ್ಲಾಟ್ ಫೀಲ್ಡ್ ಅಂತಾರೆ.

ಫೋಟೋ ತಿದ್ದೋ ಜಿಂಪ್ ಸಾಫ್ಟ್‌ವೇರ್‌ನಲ್ಲಿ ಎರಡೂ ಫೋಟೋನ ಕಪ್ಪು ಬಿಳುಪು ಮಾಡಿ, ಖಾಲಿ ಹಾಳೇದನ್ನ ಸ್ವಲ್ಪ ಬ್ಲರ್ ಮಾಡಿ ಮೇಲಿನ ಲೇಯರ್ ಆಗಿ ಇಟ್ಟು ಮೋಡ್ Divide ಅಂತ ಕೊಡಿ, ಪೇಪರ್ ಪೂರ್ತಿ ಬೆಳ್ಳಗಾಗತ್ತೆ. ಆಮೇಲೆ ಎರಡನ್ನೂ ಸೇರಿಸಿ Color to Alpha, ಬಣ್ಣ ಬಿಳಿ. ಇದರ ಹಿಂದಿರೋ ಲೆಕ್ಕ ಹೆಚ್ಚು ಕಮ್ಮಿ ಇಷ್ಟೇ:

```
alpha = (0.95 - r) / (0.95 - 0.35)
```

r ಅಂದ್ರೆ ಭಾಗಿಸಿ ಬಂದ ಸಂಖ್ಯೆ, ಉತ್ತರ 0ಗಿಂತ ಕಮ್ಮಿ ಬಂದ್ರೆ 0, 1 ದಾಟಿದ್ರೆ 1. 1ರ ಬದಲು 0.95 ಯಾಕೆ ಅಂದ್ರೆ ಪೇಪರ್ ನಾರು, ಕ್ಯಾಮೆರಾ ನಾಯ್ಸ್ ಎಲ್ಲಾ ಅದರ ಮೇಲೇ ಇರತ್ತೆ. 0.35 ಅನ್ನೋದು ಈ ಚಿತ್ರದ ಅತಿ ಕಪ್ಪು ಗೆರೆ. ನಮ್ಮ 0.57 ಗೆರೆಗೆ ಆಲ್ಫಾ 0.63 ಬರತ್ತೆ, ಸೊಂಡಿಲಿನ ತೆಳು ಗೆರೆಗೆ 0.31, ಅದೂ ಉಳೀತು.

ಸರಿ ಬಂದಿದೆಯಾ ನೋಡೋಕೆ ಕೆಳಗೆ ಕಡು ಹಳದಿ ಬಣ್ಣದ ಲೇಯರ್ ಹಾಕಿ. ಎಲ್ಲಾ ಕಡೆ ಮಂಜು ಮುಸುಕಿದ ಹಾಗೆ ಕಂಡ್ರೆ 0.95ನ ಇನ್ನೂ ಇಳಿಸಿ, ಅಂದ್ರೆ Color to Alphaದಲ್ಲಿರೋ Transparency threshold ಏರಿಸಿ, ಗೆರೆ ತುದಿಗಳು ಮೊಟಕಾದ್ರೆ ಜಾಸ್ತಿ ಇಳಿಸಿದೀರಿ ಅಂತ. ಒಂದು ಕಡೆ ಗೆರೆ ಪೂರ್ತಿ ಮಾಯ ಆಗಿದ್ರೆ ಸಾಫ್ಟ್‌ವೇರ್ ಬೈಬೇಡಿ, ಗ್ರಾಫೈಟ್ ಹೊಳಪಿನ ವಸ್ತು, ಕಿಟಕಿ ಎದುರಿಗೆ ಇಟ್ಟು ತೆಗೆದಾಗ ಅಥವಾ ಫ್ಲಾಶ್ ಹಾಕಿದಾಗ ಬೆಳಕು ಲೆನ್ಸಿಗೇ ಹೊಡೆದು ಗೆರೆ ಪೇಪರಿನಷ್ಟೇ ಬೆಳ್ಳಗೆ ಬಂದಿರತ್ತೆ. ಅದನ್ನ ಯಾವ ಲೆಕ್ಕನೂ ವಾಪಸ್ ತರಲ್ಲ, ಬೆಳಕು ಪಕ್ಕದಿಂದ ಬರೋ ಹಾಗೆ ತಿರುಗಿಸಿ ಇನ್ನೊಂದ್ಸಲ ತೆಗೀಬೇಕು ಅಷ್ಟೇ.

ಸೇವ್ ಮಾಡೋದು ಪಿಎನ್‌ಜಿಯಲ್ಲೇ, ಜೆಪೆಗ್‌ನಲ್ಲಿ ಆಲ್ಫಾಗೆ ಜಾಗಾನೇ ಇಲ್ಲ. ಪ್ರಿಂಟ್ ಹಾಕೋರಿಗೆ ವಾಟ್ಸಾಪಲ್ಲಿ ಕಳಿಸೋವಾಗ್ಲೂ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.