‘ಫಿಲ್ಟರ್’ ಅಂತ ಹತ್ತು ಸಲ ಬರೆದರೆ ತಪ್ಪಾ?

ಪ್ರಶ್ನೆ: ವಾಷಿಂಗ್ ಮೆಷಿನ್ ಮ್ಯಾನ್ಯುಯಲ್ ಪುಟಗಳ ಫೋಟೊ ತೆಗೆದುಕೊಂಡು ಅಮ್ಮನಿಗೋಸ್ಕರ ಕನ್ನಡಕ್ಕೆ ಮಾಡುತ್ತಿದ್ದೇನೆ. ‘ಫಿಲ್ಟರ್’ ಅನ್ನೋ ಪದ ಪದೇ ಪದೇ ಬರುತ್ತದೆ. ನಡುನಡುವೆ ‘ಜಾಲರಿ’, ‘ಸೋಸುಕ’ ಅಂತ ಬದಲಾಯಿಸಲಾ ಸಾರ್? (ಮಂಡ್ಯದಿಂದ ಒಬ್ಬರು)

ಬೇಡ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ.

ತಪ್ಪು ನಿಮ್ಮದಲ್ಲ, ನಮ್ಮಂಥ ಮೇಷ್ಟ್ರುಗಳದ್ದು. ಪ್ರಬಂಧದಲ್ಲಿ ಒಂದೇ ಪದ ಎರಡು ಸಲ ಬಂದರೆ ಕೆಂಪು ಗೆರೆ ಎಳೆಯುತ್ತಿದ್ದೆವು. ಮೈಸೂರಿನ ಶಾಲೆಯಲ್ಲಿ ನಾನೂ ಎಷ್ಟೋ ಗೆರೆ ಎಳೆದಿದ್ದೇನೆ. ಆದರೆ ಮ್ಯಾನ್ಯುಯಲ್ಲನ್ನು ಯಾರೂ ಚಾವಡಿಯಲ್ಲಿ ಕೂತು ಸವಿಯುವುದಿಲ್ಲ. ಅಮ್ಮ ಒದ್ದೆ ಕೈಯಲ್ಲಿ ಮೆಷಿನ್ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಮೂರನೇ ಸಾಲಲ್ಲಿ ‘ಫಿಲ್ಟರ್’, ಐದನೇ ಸಾಲಲ್ಲಿ ‘ಜಾಲರಿ’ ಅಂತಿದ್ದರೆ ಇದು ಬೇರೆ ಭಾಗ ಅಂತಲೇ ಅಂದುಕೊಳ್ಳುತ್ತಾರೆ.

ಅಂದುಕೊಂಡದ್ದು ಸರಿಯೂ ಹೌದು. ಮುಂದೆ ಬಾಗಿಲಿರುವ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಡೆ ಪುಟ್ಟ ಮುಚ್ಚಳದ ಹಿಂದೆ ಪಂಪಿನ ಫಿಲ್ಟರ್ ಇರುತ್ತದೆ. ಚಿಲ್ಲರೆ ಕಾಸು, ಗುಂಡಿ, ದಾರ ಸಿಕ್ಕುವುದು ಅಲ್ಲೇ. ಹಿಂದುಗಡೆ, ನಲ್ಲಿಯ ಪೈಪ್ ಸೇರುವ ಬಾಯಲ್ಲಿ, ಇನ್ನೊಂದು ಸಣ್ಣ ಜಾಲರಿ ಇರುತ್ತದೆ. ನೀವು ಫಿಲ್ಟರನ್ನೇ ‘ಜಾಲರಿ’ ಅಂತ ಬರೆದು ‘ತಿರುಗಿಸಿ ತೆಗೆಯಿರಿ’ ಅಂದರೆ, ಅಮ್ಮ ನಲ್ಲಿ ನಿಲ್ಲಿಸದೆ ಹಿಂದಿನ ಪೈಪ್ ಬಿಚ್ಚುತ್ತಾರೆ. ಮನೆಯೆಲ್ಲಾ ನೀರು. ಆಗ ‘ಸೋಸುಕ’ ಎಷ್ಟು ಚಂದ ಇದ್ದರೇನು?

ಹಾಗಾಗಿ ಮೊದಲು ಭಾಗಗಳ ಚಿತ್ರವಿರುವ ಪುಟ ಹಿಡಿಯಿರಿ. ಒಂದೊಂದು ಭಾಗಕ್ಕೂ ಒಂದೊಂದು ಕನ್ನಡ ಹೆಸರು ಹಾಳೆಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಮಿಕ್ಕ ಪುಟಕ್ಕೆ ಹೋಗಿ. ಎಚ್ಚರಿಕೆಗೂ ಹೀಗೇ. ಡೇಂಜರ್ ಅಂದರೆ ಜೀವಕ್ಕೇ ಕುತ್ತು, ವಾರ್ನಿಂಗ್ ಅಂದರೆ ಅಷ್ಟು ದೊಡ್ಡ ಅನಾಹುತ ಆಗಬಹುದು, ಕಾಷನ್ ಅಂದರೆ ಸಣ್ಣಪುಟ್ಟ ಗಾಯ. ಅಪಾಯ, ಎಚ್ಚರಿಕೆ, ಜಾಗ್ರತೆ ಅಂತ ಮೂರನ್ನೂ ಬೇರೆಬೇರೆಯಾಗಿಯೇ ಇಡಿ. ‘ಬಿಸಿ ನೀರು ಆರುವವರೆಗೆ ಫಿಲ್ಟರ್ ತೆಗೆಯಬೇಡಿ’ ಅನ್ನುವುದು ತೆಗೆಯುವ ಹಂತಕ್ಕಿಂತ ಮುಂಚೆ ಇದ್ದರೆ ಅಲ್ಲೇ ಇರಲಿ. ಕೆಳಗೆ ಸರಿಸಿದರೆ ಕೈ ಸುಟ್ಟ ಮೇಲೆ ಓದುತ್ತಾರೆ.

ಹಂತಗಳ ಅಂಕಿ ಮುಟ್ಟಲೇಬೇಡಿ. 3, 4ನ್ನು ಸೇರಿಸಿ ಒಂದು ಮಾಡಿದಿರಿ ಅನ್ನಿ. ಮುಂದೆ ‘ನೀರು ನಿಲ್ಲುವವರೆಗೆ 4ನ್ನು ಮತ್ತೆ ಮಾಡಿ’ ಅಂತ ಬಂದಾಗ, ಹಳೆಯ 5 ಈಗ 4 ಆಗಿರುತ್ತದೆ. ಅಂದರೆ ನೀರು ಹರಿಸುವ ಬದಲು ಫಿಲ್ಟರ್ ಬಿಚ್ಚುತ್ತಾರೆ. ಫೋಟೊದಲ್ಲಿ ಪುಸ್ತಕದ ಮಡಿಕೆ ಹತ್ತಿರದ ಅಂಕಿಗಳು ಬಾಗಿ ಮರೆಯಾಗಿರುತ್ತವೆ. 2 ಆದಮೇಲೆ 4 ಕಂಡರೆ ಊಹೆ ಮಾಡಬೇಡಿ, ಪುಟ ಒತ್ತಿ ಹಿಡಿದು ಮತ್ತೊಂದು ಫೋಟೊ ತೆಗೆಯಿರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಟನ್‌ಗಳ ಹೆಸರು ಏನು ಮಾಡುವುದು? ‘ರಿನ್ಸ್’ ಬಟನ್‌ಗೆ ‘ಜಾಲಾಡು’ ಅಂತ ಬರೆದರೆ ಮೆಷಿನ್ ಮೇಲೆ ಆ ಪದ ಎಲ್ಲಿದೆ? ಅಲ್ಲಿರುವುದು ಇಂಗ್ಲಿಷ್ ಅಕ್ಷರ. ಬಟನ್ ಫೋಟೊದ ತುಣುಕನ್ನೇ ಆ ಸಾಲಿನ ಪಕ್ಕ ಅಂಟಿಸಿ, ‘ಜಾಲಾಡು’ ಅನ್ನುವುದನ್ನು ಅದರ ಕೆಳಗೆ ಬರೆಯಿರಿ. ಅಕ್ಷರದ ಆಕಾರ ನೋಡಿ ಒತ್ತಲು ಅಮ್ಮನಿಗೆ ಬರುತ್ತದೆ, ಅಲ್ವಾ?